ಟೆರೇಸ್ ಮೇಲಿನ ಶೀಟ್ ಮಾಡು, ಒಂದು ಮಳೆಗಾಲದ ನಂತರ: ಗುತ್ತಿಗೆದಾರರಿಗೆ ಕೊಟ್ಟ ಪತ್ರ

ಉಡುಪಿಯ ನಮ್ಮ ಮನೆಗೆ ಮಾರ್ಚ್‌ನಲ್ಲಿ ಬಣ್ಣದ ಶೀಟ್ ಹಾಕಿಸಿದ್ದೆವು. ಶೀಟಿನ ಮೇಲೆ ದೂರಿಲ್ಲ, ಬಣ್ಣವೂ ಹೋಗಿಲ್ಲ, ತುಕ್ಕೂ ಹಿಡಿದಿಲ್ಲ. ಕೆಟ್ಟದ್ದು ಕೂರಿಸಿದ ಕೆಲಸ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ ಪತ್ರವನ್ನೇ ಇಲ್ಲಿ ಹಾಕಿದ್ದೇನೆ.

ಮಾನ್ಯರೇ,

ಜೂನ್ ಕೊನೆಯಿಂದ ಪಶ್ಚಿಮದ ಇಳಿಜಾರಿನಲ್ಲಿ ಮಾಡು ಸೋರುತ್ತಿದೆ. ನೇರ ಮಳೆಗೆ ಒಂದು ಹನಿಯೂ ಇಲ್ಲ. ಕಡಲ ಕಡೆಯಿಂದ ಗಾಳಿ ಎದ್ದಾಗ ಮಾತ್ರ ಎರಡು ಶೀಟು ಕೂಡುವಲ್ಲಿ ಸಾಲಾಗಿ ನೀರಿಳಿಯುತ್ತದೆ. ಸೆಪ್ಟೆಂಬರಿನಲ್ಲಿ ಬಿಸಿಲು ಬಂದ ದಿನ ಪೈಪಿನಿಂದ ನೀರು ಬಿಟ್ಟು ನೋಡಿದೆವು. ಕೆಳಗಿನಿಂದ ಶುರುಮಾಡಿ, ಒಂದೊಂದು ಜಾಗಕ್ಕೆ ಹತ್ತು ನಿಮಿಷ ಕೊಟ್ಟು ಮೇಲೆ ಹೋದೆವು. ಮೇಲಿನಿಂದ ಬಿಟ್ಟಿದ್ದರೆ ನೀರು ಎಲ್ಲ ಕಡೆ ಹರಿದು ಯಾವ ಜಾಗ ಸೋರುತ್ತದೆಂದೇ ತಿಳಿಯುತ್ತಿರಲಿಲ್ಲ.

ಕೂಡುವಲ್ಲಿ ಮೇಲಿನ ಶೀಟು ಕೆಳಗಿನದರ ಮೇಲೆ 4 ಇಂಚು ಮಾತ್ರ ಕೂತಿದೆ. ಹತ್ತು ಅಡಿಗೆ ಒಂದಡಿ ಇಳಿಜಾರು. ಇಷ್ಟು ಚಪ್ಪಟೆ ಮಾಡಿಗೆ 8 ಇಂಚಾದರೂ ಬೇಕು, ನಡುವೆ ನೀರು ತಡೆಯುವ ಬ್ಯುಟೈಲ್ ಅಂಟು ಟೇಪೂ ಬೇಕು. ಇಲ್ಲದಿದ್ದರೆ ಗಾಳಿ ನೀರನ್ನು ಸಂದಿಯೊಳಗೆ ಮೇಲಕ್ಕೆ ತಳ್ಳುತ್ತದೆ. ಟೇಪು ಎಲ್ಲೂ ಕಾಣಲಿಲ್ಲ.

ಆ ಸಾಲಿನ 48 ಸ್ಕ್ರೂಗಳಲ್ಲಿ 19ರ ರಬ್ಬರ್ ವಾಷರ್ ಬಿರಿದು ಹೊರಗೆ ಬಂದಿದೆ. ಡ್ರಿಲ್ ಮೆಷಿನ್ನಿನಲ್ಲಿ ಹೆಚ್ಚು ಬಿಗಿದದ್ದೇ ಕಾರಣ. ಸುತ್ತ ಶೀಟು ತಗ್ಗಾಗಿ ನೀರು ಅಲ್ಲೇ ನಿಲ್ಲುತ್ತದೆ. ಸರಿಯಾಗಿ ಬಿಗಿದರೆ ರಬ್ಬರು ಲೋಹದ ಟೊಪ್ಪಿಯ ಅಂಚಿನಿಂದ ಒಂದಿಷ್ಟೇ ಇಣುಕಬೇಕು.

ಆಗಸ್ಟಿನಲ್ಲಿ ನಿಮ್ಮ ಹುಡುಗರು ಒದ್ದೆ ಶೀಟಿನ ಮೇಲೇ ಸಿಲಿಕಾನ್ ಹಚ್ಚಿ ಹೋದರು. ವಾರದಲ್ಲಿ ಅದು ಎದ್ದು ಬಂತು. ಅದನ್ನು ದುರಸ್ತಿಯೆಂದು ನಾವು ಒಪ್ಪುವುದಿಲ್ಲ.

ಆಗಬೇಕಾದ್ದು ಇಷ್ಟು: ಮೇಲಿನ ಸಾಲಿಗೆ ಈಗಿನದಕ್ಕಿಂತ 4 ಇಂಚು ಹೆಚ್ಚು ಉದ್ದದ ಹೊಸ ಶೀಟು, ಕೂಡುವಲ್ಲಿ ಟೇಪು, ವಾಷರ್ ಬಿರಿದ ಕಡೆ ಒಂದು ಅಳತೆ ಹೆಚ್ಚು ದಪ್ಪದ ಸ್ಕ್ರೂ. ಹಳೆ ತೂತಿಗೆ ಅದೇ ಅಳತೆಯದು ಹಿಡಿಯುವುದಿಲ್ಲ. ದಯವಿಟ್ಟು ಈಗಿರುವ ಶೀಟನ್ನೇ ಜರುಗಿಸಿ ಮುಗಿಸಬೇಡಿ. ಹಳೆ ತೂತುಗಳು ಬಯಲಿಗೆ ಬಂದು ಅಲ್ಲೂ ಸೋರುತ್ತದೆ.

ಶೀಟ್ ಕಂಪನಿಗೆ ಹೇಳಿ ಎಂದಿರಿ. ಕಂಪನಿಯ ವಾರಂಟಿ ಬಣ್ಣಕ್ಕೆ ಮತ್ತು ತುಕ್ಕಿನಿಂದ ಆಗುವ ತೂತಿಗೆ. ನಿಮ್ಮ ಬಿಲ್ಲಿನ ಹಿಂಬದಿಯಲ್ಲಿ, ನಿಮ್ಮದೇ ಸಹಿಯ ಮೇಲೆ, "ಅಳವಡಿಕೆಯ ದೋಷಕ್ಕೆ 3 ವರ್ಷ ಉಚಿತ ದುರಸ್ತಿ" ಎಂದಿದೆ. ನಾವು ಕೇಳುತ್ತಿರುವುದು ಅದನ್ನೇ.

15 ದಿನದೊಳಗೆ ಬಂದು ನೋಡಿ, ಡಿಸೆಂಬರ್ ಮುಗಿಯುವುದರೊಳಗೆ ಕೆಲಸ ಮಾಡಿಕೊಡಿ. ಏಪ್ರಿಲ್‌ಗೆ ಬಿಟ್ಟರೆ ಬೇಸಿಗೆ ಮಳೆ ಅಡ್ಡ ಬರುತ್ತದೆ. ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ಅದಕ್ಕೆ ಎರಡು ವರ್ಷದ ಅವಧಿಯಿದೆ.

ಜೊತೆಗೆ: ಬಿಲ್ಲಿನ ಎರಡೂ ಬದಿಯ ಪ್ರತಿ, ಅಳತೆ ಟೇಪ್ ಹಿಡಿದು ತೆಗೆದ ಜೋಡಣೆಯ ಫೋಟೋ, ಬಿರಿದ ವಾಷರ್ ಒಂದು.