ಶುಕ್ರ ದೋಷಕ್ಕೆ ಜೋಡಿ ಓಪಲ್ ಉಂಗುರ: ಎರಡು ಮಳೆಗಾಲದ ನಂತರ

ನಮ್ಮ ಮನೆ ಕಾರವಾರದ ಕೋಡಿಬಾಗ ಕಡೆ. ಮದುವೆಯಾದ ಮೇಲೆ ನಮ್ಮಿಬ್ಬರ ನಡುವೆ ಮಾತು ಕಡಿಮೆ, ಜಗಳ ಜಾಸ್ತಿ ಆಗಿತ್ತು. ಜಾತಕ ನೋಡಿದವರು ಇಬ್ಬರಿಗೂ ಶುಕ್ರ ಬಲವಿಲ್ಲ ಎಂದರು. ವಜ್ರಕ್ಕೆ ಬದಲಾಗಿ ಓಪಲ್, ಬೆಳ್ಳಿಯಲ್ಲಿ, ಗಂಡ ಹೆಂಡತಿ ಇಬ್ಬರಿಗೂ. ಜೊತೆಗೆ ಶುಕ್ರವಾರದ ಉಪವಾಸ. ಕಲ್ಲಿಗೆ ಮೂವತ್ತು ಸಾವಿರ, ಬೆಳ್ಳಿ ಕಟ್ಟಿಸಲು ಐದು, ಪ್ರಾಣಪ್ರತಿಷ್ಠೆಗೆ ಮೂರೂವರೆ. ಒಟ್ಟು 38,500 ರೂಪಾಯಿ. ತೊಂಬತ್ತು ದಿನದಲ್ಲಿ ಬದಲಾವಣೆ ಕಾಣುತ್ತದೆ ಎಂದಿದ್ದರು.

ನನಗೆ ಸಿಟ್ಟು ಬಂದದ್ದು ಹಣಕ್ಕಲ್ಲ. ಕಲ್ಲಿನ ಬಣ್ಣದ ಬಗ್ಗೆ ಆಡಿದ ಒಂದು ಮಾತಿಗೆ.

ಉಂಗುರ ಬಂದಾಗ ಕಲ್ಲು ಹಾಲಿನಂತೆ ಬಿಳಿ ಇತ್ತು. ತಿರುಗಿಸಿದರೆ ಒಳಗೆ ಹಸಿರು, ಕೆಂಪು ಮಿಂಚುತ್ತಿತ್ತು. ಬಹಳ ಚೆಂದ, ಅದನ್ನು ಒಪ್ಪಲೇಬೇಕು. ಆದರೆ ಬಂಗುಡೆ ತೊಳೆದು, ಪಾತ್ರೆ ಬೆಳಗಿ ಬಂದರೆ ನನ್ನ ಕಲ್ಲು ಗಾಜಿನ ಹಾಗೆ ಕಾಣುತ್ತಿತ್ತು, ಮಿಂಚೇ ಇರುತ್ತಿರಲಿಲ್ಲ. ಒಣಗಿದ ಮೇಲೆ ಮತ್ತೆ ಬಿಳಿ. ಮಳೆಗಾಲ ಹಿಡಿದ ಮೇಲೆ ಪೂರ್ತಿ ಬಿಳಿಗೆ ತಿರುಗಲೇ ಇಲ್ಲ. ಆಮೇಲೆ ನಿಧಾನಕ್ಕೆ ಹಳದಿ ಬಂತು. ನಮ್ಮವರದ್ದು ಮಾತ್ರ ಹಾಗೇ ಬಿಳಿ ಇತ್ತು.

ಉಂಗುರ ಕೊಟ್ಟ ಅಂಗಡಿಯವರಿಗೆ ತೋರಿಸಿದೆವು. "ನೋಡಿ, ಕಲ್ಲು ದೋಷ ಹೀರಿಕೊಂಡಿದೆ. ನಿಮಗೇ ದೋಷ ಜಾಸ್ತಿ ಅಮ್ಮಾ, ಈಗ ದೊಡ್ಡ ಕಲ್ಲು ಹಾಕಬೇಕು" ಎಂದರು. ಗಂಡನ ಎದುರಿಗೆ, ಅತ್ತೆಯ ಎದುರಿಗೆ. ಸಂಸಾರದಲ್ಲಿ ತೊಂದರೆ ಇರುವುದು ನನ್ನಿಂದಲೇ ಎಂದು ಒಂದು ಕಲ್ಲು ಸಾಕ್ಷಿ ಹೇಳಿದಂತಾಯಿತು.

ನಿಜ ಬೇರೆ ಇದೆ. ಓಪಲ್ ಎಂದರೆ ನೀರು ಸೇರಿಕೊಂಡ ಸಿಲಿಕಾ. ಇಥಿಯೋಪಿಯಾದ ವೆಲೋ ಎಂಬ ಕಡೆಯಿಂದ ಬರುವ ಓಪಲ್ ಈಗ ಪೇಟೆಯಲ್ಲಿ ತುಂಬಾ ಇದೆ. ಅದರಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿರುತ್ತವೆ. ನೀರು ಒಳಗೆ ಹೋದರೆ ಪಾರದರ್ಶಕ ಆಗುತ್ತದೆ, ಆರಿದರೆ ಬಣ್ಣ ವಾಪಸ್ ಬರುತ್ತದೆ. ನೀರಿನ ಜೊತೆ ಎಣ್ಣೆ, ಸೋಪು, ಅರಿಶಿನ ಹೋದರೆ ಅವು ಸುಲಭಕ್ಕೆ ಹೊರಗೆ ಬರುವುದಿಲ್ಲ. ಕಲ್ಲು ಹಳದಿಯಾಗುವುದು ಹಾಗೆ. ಆಸ್ಟ್ರೇಲಿಯಾದ ಓಪಲ್ ಸಾಮಾನ್ಯವಾಗಿ ಹೀಗೆ ನೀರು ಕುಡಿಯುವುದಿಲ್ಲ, ಬೆಲೆಯೂ ಜಾಸ್ತಿ.

ನಾವು ಮನೆಯಲ್ಲೇ ನೋಡಿದೆವು. ಇಬ್ಬರ ಕಲ್ಲೂ ಒಂದೇ ಪೊಟ್ಟಣದ್ದು, ಒಂದೇ ಪೂಜೆಯದ್ದು. ನಮ್ಮವರು ಆಫೀಸಿನಲ್ಲಿ ಕುಳಿತು ಕೆಲಸ ಮಾಡುವವರು, ಸ್ನಾನಕ್ಕೆ ಉಂಗುರ ತೆಗೆದಿಡುತ್ತಾರೆ. ಅವರ ಉಂಗುರವನ್ನು ಶುದ್ಧ ನೀರಿನ ಲೋಟದಲ್ಲಿ ರಾತ್ರಿಯಿಡೀ ಇಟ್ಟೆವು. ಬೆಳಿಗ್ಗೆ ನನ್ನದರ ಹಾಗೇ ಗಾಜಾಗಿತ್ತು! ನೆರಳಿನಲ್ಲಿ ಬಟ್ಟೆ ಮೇಲೆ ಇಟ್ಟೆವು, ಕೆಲವು ದಿನಕ್ಕೆ ಮತ್ತೆ ಬಿಳಿಯಾಯಿತು. ಅಂದರೆ ವ್ಯತ್ಯಾಸ ಇದ್ದದ್ದು ದೋಷದಲ್ಲಲ್ಲ, ಅಡುಗೆಮನೆ ಕೆಲಸ ಯಾರು ಮಾಡುತ್ತಾರೆ ಎಂಬುದರಲ್ಲಿ. ನೀವೂ ನೋಡುವುದಾದರೆ ಬಿಸಿಲಿಗೆ ಇಡಬೇಡಿ, ಒಮ್ಮೆಲೇ ಒಣಗಿದರೆ ಬಿರುಕು ಬಿಡಬಹುದು.

ಇನ್ನು ತೂಕದ ವಿಷಯ. ಹತ್ತು ಕೆಜಿ ಮೈತೂಕಕ್ಕೆ ಒಂದು ರತ್ತಿ ಎಂದು ಲೆಕ್ಕ ಹಾಕಿ ಇಬ್ಬರಿಗೂ ಆರು ರತ್ತಿ ಹೇಳಿದರು. ಬಿಲ್ಲಿನಲ್ಲಿ ಮಾತ್ರ ಆರು ಕ್ಯಾರೆಟ್, ಕ್ಯಾರೆಟ್‌ಗೆ 2,500. ಕಲ್ಲಿನ ವ್ಯಾಪಾರದಲ್ಲಿ ಬಳಸುವ ರತ್ತಿ ಸುಮಾರು 0.91 ಕ್ಯಾರೆಟ್. ಆರು ರತ್ತಿ ಎಂದರೆ 5.46 ಕ್ಯಾರೆಟ್, ಅಂದರೆ ಒಂದು ಗ್ರಾಂಗಿಂತ ಸ್ವಲ್ಪ ಹೆಚ್ಚು. ಕಲ್ಲಿನ ಜೊತೆ ಕೊಟ್ಟ ಲ್ಯಾಬ್ ಕಾರ್ಡಿನಲ್ಲೂ 1.09 ಗ್ರಾಂ ಎಂದೇ ಇತ್ತು. ಒಂದು ಕಲ್ಲಿಗೆ 1,350 ರೂಪಾಯಿ, ಎರಡಕ್ಕೆ 2,700 ಜಾಸ್ತಿ ಹೋಗಿತ್ತು. ಪರಿಚಯದ ಅಕ್ಕಸಾಲಿ ಶೇಟರ ಹತ್ತಿರ ಕುಳಿತು ಈ ಲೆಕ್ಕ ಬರೆಸಿಕೊಂಡು ಅಂಗಡಿಗೆ ಹೋಗಿ ಕೇಳಿದೆ. ಆ ಹಣ ಮಾತ್ರ ಕೊಟ್ಟರು. ಉಂಗುರ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದರು.

ಲ್ಯಾಬ್ ಕಾರ್ಡ್ ಸುಳ್ಳಲ್ಲ. ಕಲ್ಲು ಅಸಲಿ ಓಪಲ್ ಎಂದು ಹೇಳುತ್ತದೆ, ಅಷ್ಟೇ. ಅದನ್ನು ಮುಂದಿಟ್ಟು "ಸರ್ಟಿಫಿಕೇಟ್ ಇದೆ, ಕೆಲಸ ಮಾಡುತ್ತದೆ" ಎಂದಾಗ ಕೊಳ್ಳುವವರಿಗೆ ಎರಡೂ ಒಂದೇ ಮಾತಿನಂತೆ ಕೇಳುತ್ತದೆ.

ಜಾತಕದ ಮಾತಿಗೆ ಬಂದರೆ, ನನ್ನದರಲ್ಲಿ ಶುಕ್ರ ಕನ್ಯೆಯಲ್ಲಿ, ನೀಚ. ಆದರೆ ಶುಕ್ರ ವರ್ಷಕ್ಕೊಮ್ಮೆ ಸುಮಾರು ಒಂದು ತಿಂಗಳು ಕನ್ಯೆಯಲ್ಲಿ ಇದ್ದೇ ಇರುತ್ತಾನೆ. ಆ ದಿನಗಳಲ್ಲಿ ಹುಟ್ಟಿದ ಎಲ್ಲರಿಗೂ ನೀಚ ಶುಕ್ರನೇ. ಅಷ್ಟು ಜನರ ದಾಂಪತ್ಯ ಒಂದೇ ಥರ ಇರುತ್ತದೆಯಾ? ಶಾಸ್ತ್ರದಲ್ಲೇ ನೀಚತ್ವ ರದ್ದಾಗುವ ನೀಚಭಂಗ ಎಂಬುದಿದೆ, ಶುಕ್ರ ಯಾವ ಭಾವದ ಅಧಿಪತಿ ಎಂದು ನೋಡದೆ ಕಲ್ಲು ಹಾಕಬಾರದು ಎನ್ನುವವರಿದ್ದಾರೆ. ತವರು ಶಿರಸಿಯ ನಮ್ಮ ಪುರೋಹಿತರಿಗೆ ತೋರಿಸಿದೆ. "ತಂಗೀ, ಶುಕ್ರನ ಧಾನ್ಯ ಅವರೆ. ಶುಕ್ರವಾರ ಒಂದು ಪಾವು ಅವರೆಕಾಳು ದಾನ ಕೊಡು, ಮನಸ್ಸಿದ್ದರೆ ಬಿಳಿ ವಸ್ತ್ರ. ಕಲ್ಲು ಬೇಡ" ಎಂದರು. ಅವರು ದಕ್ಷಿಣೆಯನ್ನೂ ಕೇಳಲಿಲ್ಲ.

ಉಪವಾಸದ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಅಂಗಡಿಯವರು ಕೊಟ್ಟ ಪಟ್ಟಿ ಕಲಬೆರಕೆ. ಹೆಸರು ವೈಭವಲಕ್ಷ್ಮಿ ವ್ರತ, ಅದರಲ್ಲಿ ಹುಳಿ ಮುಟ್ಟಬಾರದು, ಹದಿನಾರು ಶುಕ್ರವಾರ ಎಂದಿತ್ತು. ಅದು ಸಂತೋಷಿ ಮಾತೆಯ ವ್ರತದ ನಿಯಮ. ವೈಭವಲಕ್ಷ್ಮಿಗೆ ಹನ್ನೊಂದು ಇಲ್ಲವೇ ಇಪ್ಪತ್ತೊಂದು ಶುಕ್ರವಾರ. ಸುಮ್ನೆ ಮುರುಗಲು ಕಡಿ ಬಿಟ್ಟು ಕೂತಿದ್ದೆ.

ನಿಯಮ ತಿಳಿದ ಮೇಲೆ ಮಾಡಿದ್ದು ಇಷ್ಟು. ಸಂಜೆ ದೀಪ ಹಚ್ಚಿ, ಅಕ್ಕಿಯ ಮೇಲೆ ಕಲಶ, ಅದರ ಮೇಲೆ ಬಟ್ಟಲಲ್ಲಿ ನನ್ನ ಕಿವಿಯೋಲೆ, ಒಂದು ಕೆಂಪು ದಾಸವಾಳ. ನೈವೇದ್ಯಕ್ಕೆ ಬೆಲ್ಲ ಹಾಕಿದ ಪಾಯಸ. ಆಮೇಲೆ ಒಂದೇ ಹೊತ್ತಿನ ಊಟ. ನಮ್ಮವರೂ ಉಪವಾಸ ಇರುತ್ತಿದ್ದರು, ಹಸಿವೆಗೆ ಶುಕ್ರವಾರ ಬೇಗ ಮನೆಗೆ ಬರುತ್ತಿದ್ದರು. ಟಿವಿ ಹಾಕದೆ ಇಬ್ಬರೂ ಒಟ್ಟಿಗೆ ಕುಳಿತು ಉಣ್ಣುತ್ತಿದ್ದೆವು. ಮನೆ ಸಾಲದ ಕಂತಿನ ಮಾತು, ಅವರು ತಡವಾಗಿ ಬರುವ ಮಾತು ಬಂದದ್ದು ಆ ಊಟದಲ್ಲೇ. ಜಗಳ ಇಳಿದದ್ದೂ ಆಮೇಲೆ. ಇದಕ್ಕೆ ವಾರಕ್ಕೆ ನೂರು ರೂಪಾಯಿಯೂ ಖರ್ಚಿಲ್ಲ. ಅತ್ತೆ ಮಾತ್ರ ನಮ್ಮ ಜೊತೆ ಉಪವಾಸ ಮಾಡಲಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ಸಕ್ಕರೆ ಒಮ್ಮೆಲೇ ಇಳಿಯಬಹುದು ಎಂದು ಡಾಕ್ಟರು ಬೇಡ ಅಂದಿದ್ದರು.

ಈಗ ಅಂಗಡಿಯವರು ಕಲ್ಲಿನಿಂದಲೇ ಒಳ್ಳೆಯದಾಯಿತು ಎನ್ನುತ್ತಾರೆ. ಆಗದಿದ್ದರೆ ದೊಡ್ಡ ಕಲ್ಲು ಬೇಕು ಎನ್ನುತ್ತಿದ್ದರು, ಅಂದದ್ದೂ ಹೌದು. ಅದಕ್ಕೇ ಹಣ ಕೊಡುವ ಮೊದಲು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ಏನು ಬದಲಾಗಬೇಕು, ಯಾವ ತಾರೀಖಿನೊಳಗೆ, ಆಗದಿದ್ದರೆ ಎಷ್ಟು ಹಣ ವಾಪಸ್. ಬಿಲ್ಲಿನಲ್ಲಿ ತೂಕ ಗ್ರಾಂನಲ್ಲೂ ಇರಲಿ. ಕಲ್ಲು ಯಾವ ದೇಶದ್ದು, ನೀರು ಹೀರುತ್ತದೆಯಾ ಎಂದು ಕೇಳಿ. ಬಿಲ್ ಇದ್ದರೆ ಎರಡು ವರ್ಷದೊಳಗೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ಮಕ್ಕಳಾಗುತ್ತವೆ ಎಂದು ಓಪಲ್ ಮಾರಲು ಬಂದರೆ ಬೆಲೆ ಕೇಳಲೂ ನಿಲ್ಲಬೇಡಿ. ತಾಯತ, ಮಂತ್ರದಿಂದ ಬಂಜೆತನ ವಾಸಿಯಾಗುತ್ತದೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾನೂನು ತಡೆಯುತ್ತದೆ. ಅಂಕೋಲೆಯಲ್ಲಿ ನಮ್ಮ ಸಂಬಂಧಿ ದಂಪತಿ ಉಂಗುರ ನಂಬಿ ಡಾಕ್ಟರ ಹತ್ತಿರ ಹೋಗುವುದನ್ನು ಮುಂದೂಡುತ್ತಾ ಬಂದರು. ಕೊನೆಗೆ ಹೋದಾಗ ಇಬ್ಬರಿಗೂ ಪರೀಕ್ಷೆ ಮಾಡಿದರು. ತೊಂದರೆ ಗಂಡನಲ್ಲಿತ್ತು, ಅಷ್ಟು ದಿನ ದೊಡ್ಡ ಕಲ್ಲು ಇದ್ದದ್ದು ಅವಳ ಬೆರಳಲ್ಲಿ.