ಕಾಫಿ ಪೌಚ್‌ಗೆ ಚೀನಾಕ್ಕೆ ಮೇಲ್ ಹಾಕುವ ಮುಂಚೆ ಇದನ್ನೊಮ್ಮೆ ಓದಿ

ತೋಟದ ಕಾಫಿಯನ್ನು ತಾವೇ ಹುರಿದು, ಪುಡಿ ಮಾಡಿ, ಸ್ವಂತ ಹೆಸರಲ್ಲಿ ಮಾರುವವರು ಕೊಡಗಿನಲ್ಲಿ ಈಗ ಸಾಕಷ್ಟು ಮಂದಿ ಇದ್ದಾರೆ. ಮೊದಲು ಎದುರಾಗುವ ತಲೆನೋವು ಪೌಚ್. ಇಲ್ಲಿ ಸಿಗುವುದು ದುಬಾರಿ, ಚೀನಾದ ಫ್ಯಾಕ್ಟರಿಗೆ ನೇರ ಮೇಲ್ ಹಾಕಿದರೆ ಅಗ್ಗ ಎಂದು ಯಾರೋ ಹೇಳುತ್ತಾರೆ. ನಿಜ, ಅಗ್ಗವೇ. ಸುಂಟಿಕೊಪ್ಪದ ಸುತ್ತಮುತ್ತಲಿನ ನಾವು ಕೆಲವು ಬೆಳೆಗಾರರು ಸೇರಿ ಹಾಗೇ ತರಿಸಿದೆವು. ಈಗ ಅದರಲ್ಲಿ ಅರ್ಧಕ್ಕೂ ಹೆಚ್ಚು ಪೌಚ್ ನಮ್ಮ ಗೋದಾಮಿನಲ್ಲಿ ಸುಮ್ನೆ ಬಿದ್ದಿದೆ.

ಮಧ್ಯದಲ್ಲಿ ಒಬ್ಬ ಏಜೆಂಟ್ ಇದ್ದರು. ಫ್ಯಾಕ್ಟರಿಗೆ ಅವರು ಬರೆದ ಮೊದಲ ಮೇಲ್‌ನ ಪ್ರತಿ ನಮಗೆ ಸಿಕ್ಕಿದ್ದು ಮಾಲು ಬಂದ ಮೇಲೆ. ಅದರಲ್ಲಿ ಇದ್ದದ್ದು ಇಷ್ಟೇ: ‘ನಮಗೆ 250 ಗ್ರಾಂ ಕಾಫಿ ಪೌಚ್ ಬೇಕು, ವಾಲ್ವ್ ಇರಬೇಕು. ಒಳ್ಳೆ ರೇಟ್ ಹೇಳಿ, ಸ್ಯಾಂಪಲ್ ಕಳಿಸಿ.’ ಇಷ್ಟು ಸಾಕಾ ಎಂದು ಕೇಳಿದರೆ, ‘ಅಯ್ಯೋ ಸರ್, ಅವರು ದಿನಾ ಇದನ್ನೇ ಮಾಡೋರು, ಅವರಿಗೆಲ್ಲ ಗೊತ್ತಿರುತ್ತೆ’ ಎಂದರು. ಗೊತ್ತಿರುತ್ತೆ, ಸುಳ್ಳಲ್ಲ. ನೀವು ಹೇಳದೆ ಬಿಟ್ಟ ಜಾಗಕ್ಕೆ ಯಾವುದು ಅಗ್ಗ, ಯಾವುದು ಕೈಯಲ್ಲಿದೆ, ಅದನ್ನು ತುಂಬುವುದು ಅವರಿಗೆ ಚೆನ್ನಾಗಿಯೇ ಗೊತ್ತು.

ಸ್ಯಾಂಪಲ್ ಮಾತ್ರ ಬಲು ಚೆಂದ ಇತ್ತು. ದಪ್ಪ, ಮಡಚಿದರೆ ಮಡಚಿದಂತೆಯೇ ನಿಲ್ಲುತ್ತಿತ್ತು. ಅದನ್ನು ನೋಡಿ ಆರ್ಡರ್ ಕೊಟ್ಟೆವು. ಬಂದ ಮಾಲು ಕಣ್ಣಿಗೆ ಹಾಗೇ ಇತ್ತು. ಜುಲೈ ಮಳೆ ಹಿಡಿದ ಮೇಲೆ ಮಡಿಕೇರಿಯ ಅಂಗಡಿಗಳಿಂದ ಫೋನ್ ಬರತೊಡಗಿತು: ಪುಡಿ ಗಂಟು ಕಟ್ಟಿದೆ, ಘಮವೇ ಇಲ್ಲ. ಒಂದು ಪೌಚ್ ಖಾಲಿ ಮಾಡಿ, ಕತ್ತಲೆ ಕೋಣೆಯಲ್ಲಿ ಒಳಗೆ ಮೊಬೈಲ್ ಟಾರ್ಚ್ ಇಟ್ಟು ನೋಡಿದೆವು. ಹೊರಗಿನಿಂದ ಮಂದವಾಗಿ ಬೆಳಕು ಕಂಡಿತು. ಉಳಿದಿದ್ದ ಹಳೇ ಸ್ಯಾಂಪಲ್‌ನಲ್ಲಿ ಹಾಗೆ ಮಾಡಿದರೆ ಏನೂ ಕಾಣಲಿಲ್ಲ. ಸ್ಯಾಂಪಲ್‌ನಲ್ಲಿ ಇದ್ದದ್ದು ನಿಜವಾದ ಅಲ್ಯುಮಿನಿಯಂ ಹಾಳೆ. ಮಾಲಿನಲ್ಲಿ ಇದ್ದದ್ದು ಪ್ಲಾಸ್ಟಿಕ್ ಫಿಲ್ಮ್‌ಗೆ ತೆಳ್ಳಗೆ ಅಲ್ಯುಮಿನಿಯಂ ಆವಿ ಹಿಡಿಸಿದ ಪದರ. ಎರಡೂ ಒಳಗಡೆ ಬೆಳ್ಳಿಯಂತೆ ಹೊಳೆಯುತ್ತವೆ, ಆದರೆ ತೇವ ತಡೆಯುವುದರಲ್ಲಿ ತುಂಬಾ ವ್ಯತ್ಯಾಸ.

ಫ್ಯಾಕ್ಟರಿಯನ್ನು ಕೇಳಿದರೆ ಸಿಟ್ಟೂ ಇಲ್ಲ, ಮುಜುಗರವೂ ಇಲ್ಲ. ಕೊಟೇಶನ್ ತೆಗೆದು ತೋರಿಸಿದರು. ಅದರಲ್ಲಿ `PET12/VMPET12/PE100` ಎಂದು ಸ್ಪಷ್ಟವಾಗಿ ಇತ್ತು. ಹೊರಗಿನಿಂದ ಒಳಕ್ಕೆ ಒಂದೊಂದು ಪದರದ ಹೆಸರು, ಪಕ್ಕದ ಅಂಕಿ ಅದರ ದಪ್ಪ, ಮೈಕ್ರಾನ್ ಲೆಕ್ಕದಲ್ಲಿ. ನಡುವಿನ `VMPET` ಅಂದರೆ ಅದೇ ಆವಿ ಹಿಡಿಸಿದ ಫಿಲ್ಮ್. ನಿಜವಾದ ಹಾಳೆ ಆಗಿದ್ದರೆ `PET12/AL7/PE100` ಎಂದು ಇರಬೇಕಿತ್ತು. ಮತ್ತೆ ಸ್ಯಾಂಪಲ್? ಅದು ಬೇರೆ ಯಾವುದೋ ಗಿರಾಕಿಯ ಸ್ಟಾಕ್‌ನಿಂದ ತೆಗೆದು ಕಳಿಸಿದ್ದು, ನೀವು ಸ್ಯಾಂಪಲ್ ಅಷ್ಟೇ ಕೇಳಿದ್ದಿರಿ ಎಂದರು. ಏಜೆಂಟ್ ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಫ್ಯಾಕ್ಟರಿಯವರ ಜಾಣತನಕ್ಕಿಂತ ಇವರ ಎರಡು ಸಾಲಿನ ಸೋಮಾರಿತನ ನಮಗೆ ಜಾಸ್ತಿ ದುಬಾರಿ ಆಯಿತು ಎನ್ನುವುದು ನನ್ನ ಲೆಕ್ಕ.

ಮುಂದಿನ ಮೇಲ್ ನಾವೇ ಬರೆದೆವು, ಬೇರೆ ಫ್ಯಾಕ್ಟರಿಗಳಿಗೆ. ಅದರಲ್ಲಿ ಏನೇನು ಹಾಕಿದೆವು, ಯಾಕೆ ಹಾಕಿದೆವು ಎಂದು ಹೇಳುತ್ತೇನೆ.

ಶುರುವಿನಲ್ಲೇ ಪೌಚ್ ವಿಷಯ ಬಿಟ್ಟು, ಒಳಗೆ ಏನು ಹೋಗುತ್ತದೆ ಎಂದು ಬರೆದೆವು. ರೋಬಸ್ಟಾ ಮತ್ತು ಅರೇಬಿಕಾ ಮಿಶ್ರಣ, ಕಪ್ಪಗೆ ಹುರಿದದ್ದು, ಫಿಲ್ಟರ್‌ಗೆ ನುಣ್ಣಗೆ ಮಾಡಿದ ಪುಡಿ, ಒಂದು ಬಗೆಯಲ್ಲಿ ಚಿಕೋರಿ ಇದೆ. ಅದೇ ಪೌಚ್‌ನಲ್ಲಿ ಹುರಿದ ಬೀಜವನ್ನೂ ಮಾರುತ್ತೇವೆ. ಮಾರುವ ಊರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವವೋ ತೇವ. ಆರು ತಿಂಗಳು ಅಂಗಡಿಯಲ್ಲಿ ಇರಬೇಕು. ಇಷ್ಟು ಬರೆದರೆ ಒಳ್ಳೆಯ ಫ್ಯಾಕ್ಟರಿ ತಾನಾಗಿಯೇ ‘ಇದಕ್ಕೆ ಹಾಳೆಯೇ ಬೇಕು’ ಎನ್ನುತ್ತದೆ. ಏನೂ ಅನ್ನದವರು ಎಂಥವರು ಎಂದು ಅಲ್ಲೇ ಗೊತ್ತಾಗುತ್ತದೆ.

ಆಮೇಲೆ ಪದರಗಳು. ನಮಗೆ ಬೇಕಾದ ಪದರಗಳನ್ನು ಮೇಲಿನ ಹಾಗೆ ಮೈಕ್ರಾನ್ ಸಮೇತ ಬರೆದು, ‘ಬದಲಿ ಪದರ ಕೊಡುವುದಾದರೆ ಬೇರೆ ಸಾಲಿನಲ್ಲಿ, ಬೇರೆ ರೇಟಿನಲ್ಲಿ ಬರೆಯಿರಿ’ ಎಂದೆವು. ದಪ್ಪ ಎಷ್ಟು ಎಂದು ಕೇಳುವಾಗ ‘ಒಂದು ಬದಿಯ ದಪ್ಪ’ ಎಂದು ಸೇರಿಸುವುದನ್ನು ಮರೆಯಬೇಡಿ. ಅಲ್ಲಿನ ಕೆಲವರು ಪೌಚ್‌ನ ಎರಡೂ ಬದಿ ಸೇರಿಸಿ ದಪ್ಪ ಹೇಳುವ ರೂಢಿ ಇದೆ. 240 ಮೈಕ್ರಾನ್ ಎಂದು ಹಿಗ್ಗಬೇಡಿ, ಅದು 120 ಇರಬಹುದು.

ತೇವ ಎಷ್ಟು ತಡೆಯುತ್ತದೆ ಎಂದು ಕೇಳಿದರೆ ‘ತುಂಬಾ ಚೆನ್ನಾಗಿ’ ಎಂಬ ಉತ್ತರ ಬರುತ್ತದೆ. ಅದರಿಂದ ಏನು ಪ್ರಯೋಜನ? ಒಂದು ದಿನಕ್ಕೆ ಒಂದು ಚದರ ಮೀಟರ್ ಮೂಲಕ ಎಷ್ಟು ಗ್ರಾಂ ನೀರಾವಿ ದಾಟುತ್ತದೆ ಎಂಬ ಅಂಕಿ ಕೇಳಬೇಕು, `WVTR` ಎಂದು ಬರೆದರೆ ಅವರಿಗೆ ತಿಳಿಯುತ್ತದೆ. ಜೊತೆಗೆ ಯಾವ ಬಿಸಿಯಲ್ಲಿ, ಎಷ್ಟು ತೇವದಲ್ಲಿ ಅಳೆದದ್ದು ಎಂದೂ ಕೇಳಬೇಕು. ನಾವು 38 ಡಿಗ್ರಿ, 90 ಶೇಕಡಾ ತೇವ ಎಂದು ನಾವೇ ಬರೆದುಬಿಟ್ಟೆವು. ತಣ್ಣಗಿನ, ಒಣ ಕೋಣೆಯಲ್ಲಿ ಅಳೆದರೆ ಯಾವ ಫಿಲ್ಮ್ ಬೇಕಾದರೂ ಚೆನ್ನಾಗಿ ಕಾಣುತ್ತದೆ. ಒಬ್ಬರು ಒಂದು ಲೆಕ್ಕದಲ್ಲಿ, ಇನ್ನೊಬ್ಬರು ಇನ್ನೊಂದು ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಪಕ್ಕಪಕ್ಕ ಇಟ್ಟು ಹೋಲಿಸಲು ಬರುವುದಿಲ್ಲ.

ಅಳತೆ ವಿಷಯದಲ್ಲೂ ಪೆಟ್ಟು ತಿಂದಿದ್ದೇವೆ. ‘250 ಗ್ರಾಂ ಪೌಚ್’ ಎಂದರೆ ಅವರು ತಮ್ಮ ರೂಢಿಯ ಗಾತ್ರ ಕೊಡುತ್ತಾರೆ. ನಮ್ಮ ಬೀಜ ಕಪ್ಪಗೆ ಹುರಿದು ಉಬ್ಬಿರುತ್ತದೆ, ಅದೇ ತೂಕಕ್ಕೆ ಜಾಗ ಜಾಸ್ತಿ ಬೇಕು. ತುಂಬಿದರೆ ಜಿಪ್‌ವರೆಗೂ ಬಂತು, ಮೇಲೆ ಸೀಲ್ ಹಾಕಲು ಮಷೀನಿನ ಬಾಯಿಗೆ ಜಾಗವೇ ಇರಲಿಲ್ಲ. ಈ ಸಲ 250 ಗ್ರಾಂ ಬೀಜವನ್ನು ಅಳತೆ ಜಗ್ಗಿಗೆ ಸುರಿದು, ಎಷ್ಟು ಮಿಲಿಲೀಟರ್ ಬಂತು ಎಂದು ಬರೆದೆವು. ನಮ್ಮದು ಸುಮಾರು 700 ಆಯಿತು, ನಿಮ್ಮದನ್ನು ನೀವೇ ಅಳೆಯಿರಿ. ಅಗಲ, ಎತ್ತರದ ಜೊತೆ ಅಡಿಯ ಮಡಿಕೆಯನ್ನೂ ಬರೆಯಬೇಕು. 80 ಮಿ.ಮೀ. ಎಂದರೆ ಬಿಚ್ಚಿದಾಗ 80 ಇರಬೇಕೋ, ಮಡಚಿದಾಗ 80 ಇರಬೇಕೋ? ‘ಪೂರ್ತಿ ಬಿಚ್ಚಿದಾಗ 80, ಅಂದರೆ 40 ಮತ್ತು 40’ ಎಂದು ಬರೆದು, ಪೆನ್ಸಿಲ್‌ನಲ್ಲಿ ಒಂದು ಚಿತ್ರ ಬಿಡಿಸಿ ಫೋಟೋ ಲಗತ್ತಿಸಿದೆವು. ಆ ಚಿತ್ರ ಮಾಡಿದ ಕೆಲಸವನ್ನು ಮಾತು ಮಾಡುತ್ತಿರಲಿಲ್ಲ. ಗಾತ್ರ ತಪ್ಪಿದರೆ ಪೌಚ್ ಅಷ್ಟೇ ಹೋಗುವುದಿಲ್ಲ. ಸಿಲಿಂಡರ್ ಮುದ್ರಣದಲ್ಲಿ ಬಣ್ಣಕ್ಕೊಂದು ಸಿಲಿಂಡರ್ ಕೊರೆಸಿರುತ್ತೀರಿ, ಆ ದುಡ್ಡೂ ಹೋಯಿತು.

ವಾಲ್ವ್ ಬಗ್ಗೆ ಯಾರೂ ಹೇಳದ ಒಂದು ಮಾತಿದೆ. ಹುರಿದ ಕಾಫಿಯಿಂದ ಇಂಗಾಲದ ಡೈಆಕ್ಸೈಡ್ ಹೊರಡುತ್ತಲೇ ಇರುತ್ತದೆ. ಅದನ್ನು ಹೊರಗೆ ಬಿಟ್ಟು, ಹೊರಗಿನ ಗಾಳಿಯನ್ನು ಒಳಗೆ ಬಿಡದಿರುವುದು ವಾಲ್ವ್ ಕೆಲಸ. ಬೀಜಕ್ಕಾದರೆ ಸಾದಾ ವಾಲ್ವ್ ಸಾಕು. ನುಣ್ಣನೆ ಪುಡಿಗೆ ಫಿಲ್ಟರ್ ಇರುವ ವಾಲ್ವ್ ಬೇಕು. ಇಲ್ಲದಿದ್ದರೆ ಪುಡಿ ವಾಲ್ವ್‌ನೊಳಗಿನ ತೆಳು ಪೊರೆಯ ಕೆಳಗೆ ಸಿಕ್ಕಿಕೊಂಡು, ಅದು ಪೂರ್ತಿ ಮುಚ್ಚುವುದೇ ಇಲ್ಲ. ಪೌಚ್ ಒಳಗಿನಿಂದ ವಾಲ್ವ್ ನೋಡಿ: ತೂತುಗಳ ಮೇಲೆ ಕಾಗದದಂಥ ಒಂದು ಬಿಲ್ಲೆ ಅಂಟಿರಬೇಕು. ನಮ್ಮ ಮಾಲಿನಲ್ಲಿ ಬರೀ ತೂತುಗಳಿದ್ದವು, ಅವುಗಳ ಸುತ್ತ ಕಂದು ಪುಡಿ ಮೆತ್ತಿಕೊಂಡಿತ್ತು. ಗಂಟು ಕಟ್ಟಿದ್ದಕ್ಕೆ ಫಿಲ್ಮ್ ಎಷ್ಟು ಕಾರಣವೋ ಇದೂ ಅಷ್ಟೇ ಇರಬಹುದು.

ಇನ್ನು ಸ್ಯಾಂಪಲ್. ಎರಡು ಬಗೆ ಕೇಳಿ, ಹೆಸರು ಹಿಡಿದು ಕೇಳಿ. ಸ್ಟಾಕ್‌ನಲ್ಲಿರುವ ಸ್ಯಾಂಪಲ್ ಸಾಮಾನ್ಯವಾಗಿ ಪುಕ್ಕಟೆ, ಕೊರಿಯರ್ ಖರ್ಚು ನಮ್ಮದು. ಅದು ಗಾತ್ರ, ಜಿಪ್, ಮುಟ್ಟಿ ನೋಡುವುದಕ್ಕೆ ಮಾತ್ರ. ನಮ್ಮ ಪದರದಲ್ಲೇ, ನಮ್ಮ ಗಾತ್ರದಲ್ಲೇ ಮಾಡಿದ ಸ್ಯಾಂಪಲ್‌ಗೆ ದುಡ್ಡು ಕೊಡಬೇಕು, ಮತ್ತು ಕೊಡುವುದೇ ಒಳ್ಳೆಯದು. ಮೇಲ್‌ನಲ್ಲಿ ನಾವು ಹೀಗೆ ಬರೆದೆವು:

‘ಪ್ರತಿ ಸ್ಯಾಂಪಲ್ ಮೇಲೆ ಮಾರ್ಕರ್‌ನಲ್ಲಿ ಪದರಗಳ ವಿವರ ಮತ್ತು ತಯಾರಾದ ತಾರೀಕು ಬರೆಯಿರಿ. ಕೊಟೇಶನ್‌ನಲ್ಲಿ ಇರುವ ಪದರ ಮತ್ತು ಸ್ಯಾಂಪಲ್‌ನ ಪದರ ಒಂದೇ ಎಂದು ಖಚಿತಪಡಿಸಿ. ಒಂದೇ ಅಲ್ಲದಿದ್ದರೆ ಯಾವುದು ಬೇರೆ ಎಂದು ಬರೆಯಿರಿ. ಹತ್ತು ಖಾಲಿ ಪೌಚ್ ನಮಗೆ, ಅದೇ ಲಾಟಿನ ಎರಡು ನಿಮ್ಮಲ್ಲಿ ಇರಲಿ.’

ಆಹಾರಕ್ಕೆ ಬಳಸುವ ಪ್ಲಾಸ್ಟಿಕ್‌ಗೆ ಟೆಸ್ಟ್ ರಿಪೋರ್ಟ್ ಕೇಳುವಾಗಲೂ ‘ಇದೇ ಪದರಗಳದ್ದು’ ಎಂದು ಸೇರಿಸಿ. ನಮ್ಮಲ್ಲಿ 2018ರ ಪ್ಯಾಕೇಜಿಂಗ್ ನಿಯಮದ ಪ್ರಕಾರ ಪ್ಲಾಸ್ಟಿಕ್‌ನಿಂದ ಆಹಾರಕ್ಕೆ ಇಳಿಯುವ ಅಂಶ ಒಟ್ಟು ಕೆಜಿಗೆ 60 ಮಿ.ಗ್ರಾಂ. ಮೀರಬಾರದು. ಬೇರೆ ಯಾವುದೋ ಪೌಚ್‌ನ ಹಳೇ ರಿಪೋರ್ಟ್ ಕಳಿಸಿ ಕೈ ತೊಳೆದುಕೊಳ್ಳುವವರೇ ಜಾಸ್ತಿ.

ಪಾರ್ಸೆಲ್ ಕಾಗದದ ಬಗ್ಗೆಯೂ ಮೊದಲೇ ಹೇಳಿ. ನಮಗೆ ಸುಂಕ ಉಳಿಸುವ ಒಳ್ಳೇ ಮನಸ್ಸಿನಿಂದ ಅವರು ‘ಗಿಫ್ಟ್’ ಎಂದು ಬರೆದುಬಿಡುತ್ತಾರೆ. 2019ರ ಡಿಸೆಂಬರ್‌ನಿಂದ ಅಂಚೆ, ಕೊರಿಯರ್‌ನಲ್ಲಿ ಗಿಫ್ಟ್ ಹೆಸರಲ್ಲಿ ಸಾಮಾನು ತರಿಸುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿದೆ, ರಾಖಿ ಮತ್ತು ಜೀವರಕ್ಷಕ ಔಷಧಿ ಬಿಟ್ಟು. ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಕೂರುತ್ತದೆ. ‘ವಾಣಿಜ್ಯ ಸ್ಯಾಂಪಲ್, ಖಾಲಿ ಪ್ಲಾಸ್ಟಿಕ್ ಪೌಚ್’ ಎಂದು ಬರೆದು ನಿಜವಾದ ಬೆಲೆ ಹಾಕಲು ಹೇಳಿ. ಪೂರ್ತಿ ವಿಳಾಸ, ಪಿನ್‌ಕೋಡ್, ಮೊಬೈಲ್ ನಂಬರ್ ಮತ್ತು ನಿಮ್ಮ ಆಮದು-ರಫ್ತು ಕೋಡ್ ಅನ್ನು ಅದೇ ಮೇಲ್‌ನಲ್ಲಿ ಕೊಟ್ಟುಬಿಡಿ.

ಪ್ರಶ್ನೆಗಳಿಗೆಲ್ಲ ನಂಬರ್ ಹಾಕಿ, ಪಕ್ಕದಲ್ಲಿ ಖಾಲಿ ಜಾಗ ಬಿಟ್ಟಿದ್ದೆವು. ‘ಆಗುವುದಿಲ್ಲ ಎಂದಾದರೆ ಆಗುವುದಿಲ್ಲ ಎಂದೇ ಬರೆಯಿರಿ, ಜಾಗ ಖಾಲಿ ಬಿಡಬೇಡಿ’ ಎಂದೆವು. ಚೀನಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ನಾವು ಸಂಜೆ ಕಳಿಸಿದ ಪ್ರಶ್ನೆಗೆ ಉತ್ತರ ಮರುದಿನವೇ. ಹೀಗೆ ಒಂದೊಂದೇ ಕೇಳುತ್ತಾ ಹೋದರೆ ವಾರಗಳು ಉರುಳುತ್ತವೆ. ಜನವರಿ ಕೊನೆಗೋ ಫೆಬ್ರವರಿಗೋ ಅವರ ಹೊಸ ವರ್ಷ ಬರುತ್ತದೆ, ಫ್ಯಾಕ್ಟರಿಗಳು ಬಾಗಿಲು ಹಾಕುತ್ತವೆ. ಅಷ್ಟು ಹೊತ್ತಿಗೆ ನಾವು ರೋಬಸ್ಟಾ ಕೊಯ್ಲಿನಲ್ಲಿ ಇರುತ್ತೇವೆ. ಹಾಗಾಗಿ ಇಂಥ ತಾರೀಕಿನೊಳಗೆ ಉತ್ತರ ಬೇಕು ಎಂದು ಸಬ್ಜೆಕ್ಟ್ ಸಾಲಿನಲ್ಲೇ ಹಾಕಿದ್ದೆವು.

ಮೇಲ್ ಹೋದ ಕಡೆಯಿಂದ ಬಂದ ಉತ್ತರಗಳು ನೋಡುವ ಹಾಗಿದ್ದವು. ಒಬ್ಬರು ಬರೀ ಕ್ಯಾಟಲಾಗ್ ಕಳಿಸಿದರು. ಇನ್ನೊಬ್ಬರು ಪದರದ ಜಾಗದಲ್ಲಿ ಮತ್ತೆ ಅದೇ `VMPET` ಹಾಕಿ, ಹಾಳೆಯಷ್ಟೇ ಚೆನ್ನಾಗಿದೆ ಎಂದು ಬರೆದರು, ಅಂಕಿಯ ಜಾಗ ಖಾಲಿ. ಮೂರನೆಯವರು ಎಲ್ಲ ನಂಬರಿಗೂ ಉತ್ತರ ಕೊಟ್ಟರು. ಫಿಲ್ಟರ್ ವಾಲ್ವ್‌ಗೆ ರೇಟ್ ಸ್ವಲ್ಪ ಏರುತ್ತದೆ, ನಮ್ಮ ಗಾತ್ರಕ್ಕೆ ಎತ್ತರ ಇನ್ನೂ 10 ಮಿ.ಮೀ. ಬೇಕು ಎಂದರು. ಅವರ ಸ್ಯಾಂಪಲ್ ಬಂದಿದೆ, ಮಾರ್ಕರ್‌ನಲ್ಲಿ ಬರೆದ ಸಮೇತ. ಟಾರ್ಚ್ ಇಟ್ಟು ನೋಡಿಯಾಯಿತು, ಬೆಳಕು ದಾಟಲಿಲ್ಲ. ಈಗ ಪುಡಿ ತುಂಬಿ, ಸೀಲ್ ಮಾಡಿ, ಸ್ನಾನದ ಕೋಣೆಯ ಕಿಟಕಿಯಲ್ಲಿ ಇಟ್ಟಿದ್ದೇವೆ. ಮಳೆಗಾಲ ಮುಗಿದ ಮೇಲೆ ಬಿಚ್ಚಿ ನೋಡಿ, ಆಮೇಲೆಯೇ ಸಿಲಿಂಡರ್ ಕೊರೆಯಲು ಹೇಳುವುದು.