ಏಳೇಳು ಮಕ್ಕಳ ಅಂಕಕ್ಕೆ ಟಿ ಟೆಸ್ಟಾ, ಮಾನ್-ವಿಟ್ನಿನಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮಾನ್-ವಿಟ್ನಿಗೆ. ಎರಡು ಗುಂಪಿನ ಅಂಕಗಳ ವ್ಯತ್ಯಾಸ ನಿಜವೋ ಬರೀ ಆಕಸ್ಮಿಕವೋ ಅಂತ ನೋಡುವ ಲೆಕ್ಕಗಳು ಇವೆರಡೂ. ಟಿ ಟೆಸ್ಟ್ ಕೆಟ್ಟದ್ದು ಅಂತಲ್ಲ. ನನ್ನ ಹತ್ತಿರ ಇದ್ದದ್ದೇ ಹದಿನಾಲ್ಕು ಮಕ್ಕಳು, ಅದರಲ್ಲೊಬ್ಬನಿಗೆ ಬಂದದ್ದು ಮೂರು ಅಂಕ. ಆ ಮೂರು ಅಂಕದಿಂದ ನನ್ನ ಎಂ.ಎಡ್. ಪ್ರಬಂಧದ ನಾಲ್ಕನೇ ಅಧ್ಯಾಯವನ್ನು ಎರಡು ಸಲ ಬರೆದೆ.

ದಾವಣಗೆರೆ ಹತ್ತಿರದ ಒಂದು ಹಳ್ಳಿ ಶಾಲೆ, ಐದನೇ ಕ್ಲಾಸು, ಭಿನ್ನರಾಶಿ ಪಾಠ. ಚೀಟಿ ಎತ್ತಿ ಮಕ್ಕಳನ್ನು ಏಳೇಳರ ಎರಡು ಗುಂಪು ಮಾಡಿದೆ. ಒಂದು ಗುಂಪಿಗೆ ರೊಟ್ಟಿ ಮುರಿದು, ಕಾಗದದ ಪಟ್ಟಿ ಮಡಚಿ ಹೇಳಿಕೊಟ್ಟೆ. ಇನ್ನೊಂದಕ್ಕೆ ಎಂದಿನಂತೆ ಬೋರ್ಡಿನ ಮೇಲೆ. ಆರು ವಾರ ಆದಮೇಲೆ 25 ಅಂಕದ ಒಂದೇ ಪರೀಕ್ಷೆ ಕೊಟ್ಟೆ.

ರೊಟ್ಟಿ ಗುಂಪಿಗೆ ಬಂದದ್ದು 3, 15, 16, 17, 19, 20, 22. ಬೋರ್ಡಿನ ಗುಂಪಿಗೆ 6, 9, 10, 11, 12, 13, 14. ಆ 3 ಅಂಕದ ಹುಡುಗ ಮೂರು ವಾರ ಅಪ್ಪ-ಅಮ್ಮನ ಜೊತೆ ಮೆಕ್ಕೆಜೋಳ ಮುರಿಯಲು ಹೋಗಿದ್ದ. ಅವನನ್ನು ಬಿಟ್ಟರೆ ರೊಟ್ಟಿ ಗುಂಪಿನ ಎಲ್ಲರೂ ಬೋರ್ಡಿನ ಗುಂಪಿನ ಎಲ್ಲರಿಗಿಂತ ಮುಂದೆ. ಕಣ್ಣಿಗೇ ಕಾಣುತ್ತದೆ, ಅಲ್ವಾ?

ಅಂಕಪಟ್ಟಿ ಹಿಡಿದು ಒಂದು ಡಿಟಿಪಿ ಅಂಗಡಿಗೆ ಹೋದೆ. "ಎಲ್ರಿಗೂ ಟಿ ಟೆಸ್ಟೇ ಹಾಕೋದು ಮೇಡಂ" ಅಂತ ಹುಡುಗ ಹಾಕಿಕೊಟ್ಟ. ಸರಾಸರಿ 16 ಮತ್ತು 10.7. ಟಿ ಬೆಲೆ 2.06. ವ್ಯತ್ಯಾಸವೇ ಇಲ್ಲದಿದ್ದರೂ ಇದೆ ಅಂದುಬಿಡುವ ಅಪಾಯವನ್ನು ನೂರಕ್ಕೆ ಐದರಲ್ಲಿ ನಿಲ್ಲಿಸುವ ಐದು ಶೇಕಡಾ ಮಟ್ಟ ದಾಟಲು 2.18 ಬೇಕಿತ್ತು. "ವ್ಯತ್ಯಾಸ ಸಾಬೀತಾಗಿಲ್ಲ" ಅಂತ ಬರೆದುಕೊಂಡು ಬಂದೆ.

ಮನೆಗೆ ಬಂದು ಕ್ಯಾಲ್ಕುಲೇಟರ್ ಹಿಡಿದಾಗ ಕಾರಣ ಸಿಕ್ಕಿತು. ಟಿ ಟೆಸ್ಟ್ ನೋಡುವುದು ಸರಾಸರಿ ಮತ್ತು ಅಂಕಗಳ ಹರಡಿಕೆಯನ್ನು. ಆ 3 ಎರಡನ್ನೂ ಕೆಡಿಸುತ್ತದೆ. ಸರಾಸರಿಯನ್ನು ಕೆಳಗೆ ಎಳೆಯುತ್ತದೆ, ಹರಡಿಕೆಯನ್ನು ಅಗಲ ಮಾಡುತ್ತದೆ. ಪರೀಕ್ಷೆಗೆ ಅಂತ 3ರ ಜಾಗದಲ್ಲಿ 0 ಹಾಕಿ ನೋಡಿದೆ. ಟಿ 1.66ಕ್ಕೆ ಇಳಿಯಿತು. ಒಬ್ಬ ಹುಡುಗ ಇನ್ನು ಮೂರು ಅಂಕ ಕಳೆದುಕೊಂಡರೆ ನನ್ನ ಆರು ವಾರದ ಪಾಠ ಇನ್ನಷ್ಟು ಕೆಟ್ಟದಾಗುತ್ತದೆ ಅನ್ನುವ ಲೆಕ್ಕ ಅದು. ನಲವತ್ತು ಮಕ್ಕಳಿದ್ದರೆ ಅವನೊಬ್ಬ ಮುಳುಗಿ ಹೋಗುತ್ತಿದ್ದ. ಏಳು ಜನರಲ್ಲಿ ಮುಳುಗುವುದಿಲ್ಲ.

ಅವನ ಅಂಕ ತೆಗೆದುಬಿಡು ಅಂತ ಸಹೋದ್ಯೋಗಿಯೊಬ್ಬರು ಹೇಳಿದರು. ಚೀಟಿ ಎತ್ತಿ ಬಂದ ಮಗು ಅದು, ತೆಗೆಯಲಿಲ್ಲ.

ಮಾನ್-ವಿಟ್ನಿ ಅಂಕದ ಗಾತ್ರ ನೋಡುವುದಿಲ್ಲ, ಯಾರು ಯಾರಿಗಿಂತ ಮುಂದೆ ಅಂತ ಮಾತ್ರ ನೋಡುತ್ತದೆ. ಪ್ರಾರ್ಥನೆಗೆ ಗಿಡ್ಡದಿಂದ ಎತ್ತರಕ್ಕೆ ಸಾಲು ನಿಲ್ಲಿಸುತ್ತೇವಲ್ಲ, ಹಾಗೇ ಹದಿನಾಲ್ಕೂ ಮಕ್ಕಳನ್ನು ಅಂಕದ ಪ್ರಕಾರ ಒಂದೇ ಸಾಲಿನಲ್ಲಿ ನಿಲ್ಲಿಸಿ. 3 ಅಂಕದವನು ಮೊದಲನೆಯವನು. 2ರಿಂದ 8ರವರೆಗೆ ಬೋರ್ಡಿನ ಗುಂಪು. 9ರಿಂದ 14 ಉಳಿದ ರೊಟ್ಟಿ ಮಕ್ಕಳು. ಬೋರ್ಡಿನವರ ಸ್ಥಾನಗಳನ್ನು ಕೂಡಿದರೆ 35. ಏಳು ಜನ ಸಾಲಿನ ಮೊದಲ ಏಳು ಜಾಗದಲ್ಲೇ ನಿಂತಿದ್ದರೂ ಬರುವ ಮೊತ್ತ 1ರಿಂದ 7ರವರೆಗಿನದು, ಅಂದರೆ 28. ಅದನ್ನು ಕಳೆದರೆ 7. ಅದೇ ಯು. ಏಳೇಳರ ಗುಂಪಿಗೆ ಕೋಷ್ಟಕದ ಗಡಿ 8. ಯು ಅದಕ್ಕೆ ಸಮ ಅಥವಾ ಕಡಿಮೆ ಇದ್ದರೆ ವ್ಯತ್ಯಾಸ ಇದೆ ಅಂತ. 3 ಇರಲಿ, 0 ಇರಲಿ, ಯು ಅಲ್ಲಾಡುವುದಿಲ್ಲ. ಅವನು ಸಾಲಿನಲ್ಲಿ ಮೊದಲೇ ನಿಂತಿದ್ದಾನೆ.

ಇಲ್ಲಿಗೆ ಮುಗಿಯಬೇಕಿತ್ತು. ತಲೆನೋವು ಶುರುವಾದದ್ದೇ ಇಲ್ಲಿಂದ. ಕೈಲೆಕ್ಕ ಸರಿಯಾ ಅಂತ ನೋಡಲು ಆರ್ ಅನ್ನುವ ಸ್ಟಾಟಿಸ್ಟಿಕ್ಸ್ ಸಾಫ್ಟ್‌ವೇರ್‌ನಲ್ಲಿ ಹಾಕಿದೆ. ಅಲ್ಲಿ ಮಾನ್-ವಿಟ್ನಿಗೆ ಇರುವ ಹೆಸರು `wilcox.test`.

```r
rotti <- c(3, 15, 16, 17, 19, 20, 22)
board <- c(6, 9, 10, 11, 12, 13, 14)
wilcox.test(rotti, board)
```

ಪರದೆ ಮೇಲೆ `W = 42` ಅಂತ ಬಂತು. ಗಡಿ 8, ನನ್ನದು 42! ಎದೆ ಧಸಕ್ ಅಂತು. ಸಾಲದ್ದಕ್ಕೆ ಗೆಳತಿ ಇದೇ ಅಂಕಗಳನ್ನು ಎಸ್‌ಪಿಎಸ್‌ಎಸ್ ಅನ್ನುವ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಹಾಕಿ ಫೋಟೋ ಕಳಿಸಿದಳು. ಅದರಲ್ಲಿ `Mann-Whitney U` 7, `Wilcoxon W` 35. ಒಂದೇ ಪರೀಕ್ಷೆಗೆ ಮೂರು ಸಂಖ್ಯೆ. ಎರಡು ದಿನ ಯಾವುದು ನಿಜ ಅಂತ ತಿಳಿಯದೆ ಒದ್ದಾಡಿದೆ.

ಬಿಡಿಸಿದ್ದು ನಮ್ಮೂರಿನ ಕುಸ್ತಿ. ರೊಟ್ಟಿ ಗುಂಪಿನ ಒಬ್ಬೊಬ್ಬನಿಗೂ ಬೋರ್ಡಿನ ಗುಂಪಿನ ಒಬ್ಬೊಬ್ಬನನ್ನೂ ಜೋಡಿ ಹಚ್ಚಿ. ಏಳೇಳ್ಲಿ 49 ಜೋಡಿ. ಅಂಕ ಜಾಸ್ತಿ ಇದ್ದವನು ಗೆದ್ದ. ಆರು ಮಕ್ಕಳು ಏಳೇಳು ಗೆದ್ದು 42. 3 ಅಂಕದವನು ಏಳೂ ಸೋತ. ಆರ್ ಮೊದಲು ಬರೆದ ಗುಂಪಿನ ಗೆಲುವನ್ನು ತೋರಿಸುತ್ತದೆ, 42. ಎಸ್‌ಪಿಎಸ್‌ಎಸ್‌ನ ಯು ಎರಡರಲ್ಲಿ ಚಿಕ್ಕದ್ದು, 7. ಅಲ್ಲಿರುವ ಡಬ್ಲ್ಯೂ ಬೇರೆಯೇ, ಅದು ಕಳೆಯುವುದಕ್ಕಿಂತ ಮುಂಚಿನ ಸ್ಥಾನಗಳ ಮೊತ್ತ, 35. ಆರ್‌ನಲ್ಲಿ `board` ಮೊದಲು ಬರೆದು ನೋಡಿ, 7 ಬರುತ್ತದೆ. ಯಾವ ರೀತಿ ಬರೆದರೂ ಪಿ ಬೆಲೆ ಅದೇ `0.02622`. ಪಿ ಅಂದರೆ ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಆಕಸ್ಮಿಕವಾಗಿ ಬರುವ ಸಾಧ್ಯತೆ, 0.05ಕ್ಕಿಂತ ಕಡಿಮೆ ಇದ್ದರೆ ಐದು ಶೇಕಡಾ ಮಟ್ಟ ದಾಟಿದಂತೆ. ಕೋಷ್ಟಕದ ಗಡಿಗೆ ಹೋಲಿಸುವುದಾದರೆ ಮಾತ್ರ ಚಿಕ್ಕ ಸಂಖ್ಯೆಯನ್ನೇ ತೆಗೆದುಕೊಳ್ಳಬೇಕು. ಎರಡು ಯು ಕೂಡಿದರೆ 49 ಬರಬೇಕು. ಬರದಿದ್ದರೆ ಸ್ಥಾನ ಕೊಡುವಾಗಲೇ ತಪ್ಪಿದ್ದೀರಿ.

ಈ ಕುಸ್ತಿ ಲೆಕ್ಕದಿಂದ ಇನ್ನೊಂದು ಲಾಭ. 49ರಲ್ಲಿ 42, ಅಂದರೆ ಶೇಕಡಾ 86 ಜೋಡಿಗಳಲ್ಲಿ ರೊಟ್ಟಿ ಗುಂಪು ಗೆದ್ದಿದೆ. ಪ್ರಬಂಧದಲ್ಲಿ ಹಾಗೇ ಬರೆದೆ. ಸ್ಟಾಟಿಸ್ಟಿಕ್ಸ್ ಗೊತ್ತಿಲ್ಲದ ನಮ್ಮ ಹೆಡ್ ಮೇಡಂಗೂ ಅದು ಅರ್ಥವಾಯಿತು.

ಒಂದೇ ಅಂಕ ಇಬ್ಬರಿಗೆ ಬಂದರೆ ಸ್ಥಾನ ಹಂಚಿಕೊಳ್ಳಬೇಕು. 5 ಮತ್ತು 6ನೇ ಜಾಗದವರಿಗೆ ತಲಾ 5.5. ಆಗ ನನ್ನ ಆರ್ `cannot compute exact p-value with ties` ಅಂತ ಗೊಣಗಿ ಅಂದಾಜು ಪಿ ಬೆಲೆ ಕೊಡುತ್ತದೆ. ಗಡಿಯ ಹತ್ತಿರ ಇದ್ದರೆ ಅದನ್ನು ಪೂರ್ತಿ ನಂಬಬೇಡಿ.

ತೀರಾ ಚಿಕ್ಕ ಗುಂಪಿಗೆ ಮಾನ್-ವಿಟ್ನಿಯೂ ಕೈಕೊಡುತ್ತದೆ. ಮೂರು ಮೂರು ಮಕ್ಕಳಿದ್ದರೆ ಒಂದು ಗುಂಪು ಎಲ್ಲ ಜೋಡಿ ಗೆದ್ದರೂ ಪಿ 0.10ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಸಾಲು ನಿಲ್ಲಿಸುವ ದಾರಿಗಳೇ ಇಪ್ಪತ್ತು, ಅದರಲ್ಲಿ ಎರಡು ಅಂಚಿನವು. ನಾಲ್ಕು ನಾಲ್ಕಾದರೆ 70ರಲ್ಲಿ 2, ಅಲ್ಲಿಂದ ಆಟ ಶುರು. ಅದೇ ಮಕ್ಕಳಿಗೆ ಪಾಠಕ್ಕೆ ಮುಂಚೆ ಮತ್ತು ಆಮೇಲೆ ಪರೀಕ್ಷೆ ಕೊಟ್ಟಿದ್ದರೆ ಇದು ಬೇಡವೇ ಬೇಡ, ಅದಕ್ಕೆ ವಿಲ್ಕಾಕ್ಸನ್‌ರ ಸೈನ್ಡ್ ರ್‍ಯಾಂಕ್ ಇದೆ.

ಗೈಡ್ ಸರ್ ನೋಡಿ ನಕ್ಕರು. "ಟಿ ಟೆಸ್ಟ್ ಸೋತಿದ್ದಕ್ಕೆ ಇದನ್ನ ತಂದ್ರೇನಮ್ಮಾ?" ಅಂದರು. ನಿಜ ಹೇಳಬೇಕೆಂದರೆ ಹೌದು. ಗೆಲ್ಲುವ ಟೆಸ್ಟ್ ಸಿಗುವವರೆಗೆ ಹುಡುಕಿದರೆ ಆ ಐದು ಶೇಕಡಾ ಐದಾಗಿ ಉಳಿಯುವುದಿಲ್ಲ. ಸಿನಾಪ್ಸಿಸ್‌ನಲ್ಲೇ "ಗುಂಪು ಚಿಕ್ಕದು, ಆದ್ದರಿಂದ ಮಾನ್-ವಿಟ್ನಿ" ಅಂತ ಬರೆಯಬೇಕಿತ್ತು. ಬರೆದಿರಲಿಲ್ಲ. ಕೊನೆಗೆ ಎರಡೂ ಫಲಿತಾಂಶ, 14 ಅಂಕಗಳ ಚುಕ್ಕೆ ಚಿತ್ರ, ಮೆಕ್ಕೆಜೋಳದ ಕಥೆ, ಎಲ್ಲವನ್ನೂ ಒಂದೇ ಪುಟದಲ್ಲಿ ಇಟ್ಟೆ. ಸರ್ ಸಹಿ ಹಾಕಿದರು.

ನನಗೆ ಆರ್ ಪುಕ್ಕಟೆ, ಏಳೆಂಟು ಮಕ್ಕಳ ಲೆಕ್ಕ ರಫ್ ನೋಟಿನಲ್ಲೇ ಮುಗಿಯುತ್ತದೆ, ಡಿಟಿಪಿ ಅಂಗಡಿಯ ದುಡ್ಡೂ ಉಳಿಯುತ್ತದೆ. ಹಾಗಾಗಿ ನಮ್ಮಂಥ ಸಣ್ಣ ಶಾಲೆಗೆ ಮಾನ್-ವಿಟ್ನಿಯೇ. ಪೇಟೆ ಶಾಲೆಯಲ್ಲಿ ಸೆಕ್ಷನ್‌ಗೆ ನಲವತ್ತು ಮಕ್ಕಳಿದ್ದು, ಅಂಕಗಳು ನಡುವೆ ಗುಡ್ಡೆಯಾಗಿ ಎರಡೂ ಕಡೆ ಇಳಿದಿದ್ದರೆ ಟಿ ಟೆಸ್ಟ್ ಹಾಕಿ, ನಾನೂ ಅದನ್ನೇ ಹಾಕುತ್ತೇನೆ.